ಪಟ್ಟಿಯಲ್ಲೇ ಇದ್ದ ರೇಟು ಬಿಲ್ಲಿಗೆ ಬರಲಿಲ್ಲ

ಮಂಡ್ಯದಲ್ಲಿ ಪಿವಿಸಿ ಪೈಪು, ವಾಲ್ವು ಮಾರುವ ಒಂದು ಅಂಗಡಿಯ ಲೆಕ್ಕ ನಾನು ನೋಡುತ್ತೇನೆ. ಒಂದು ದಿನ ಪಂಪ್‌ಸೆಟ್ ಲೈನಿಗೆ ಸಾಮಾನು ಕೊಂಡ ರೈತರೊಬ್ಬರು ಬಿಲ್ ಹಿಡಿದುಕೊಂಡು ವಾಪಸ್ ಬಂದರು. "ಅಣ್ಣಾ, ಒಂದಿಂಚಿನ ವಾಲ್ವಿಗೂ ಒಂದೂಕಾಲು ಇಂಚಿನ ವಾಲ್ವಿಗೂ ಒಂದೇ ರೇಟ್ ಹಾಕಿದ್ದೀರಲ್ಲ, ಸರಿಯಾಗಿ ನೋಡಿ" ಅಂದರು. ಎರಡಕ್ಕೂ 95 ರೂಪಾಯಿ ಬಿದ್ದಿತ್ತು. ಒಂದೂಕಾಲು ಇಂಚಿನದು 140 ಆಗಬೇಕಿತ್ತು. ಅಂಥವು 24 ಹೋಗಿದ್ದವು. ಒಂದಕ್ಕೆ 45 ರೂಪಾಯಿಯಂತೆ 1,080 ರೂಪಾಯಿ ಕಮ್ಮಿ.

ಎಕ್ಸೆಲ್ ಶೀಟಿನ ರೇಟ್ ಪಟ್ಟಿ ತೆಗೆದು ನೋಡಿದೆ. ಅಲ್ಲಿ 140 ಅಂತಲೇ ಇತ್ತು. ಬಿಲ್ಲಿನಲ್ಲಿ ಕೋಡ್ ಕೂಡ ಸರಿಯಾಗಿಯೇ ಟೈಪ್ ಆಗಿತ್ತು. ಅಂದಮೇಲೆ ತಪ್ಪು ಇರಬೇಕಾದ್ದು ಪಟ್ಟಿಯಿಂದ ಬಿಲ್ಲಿಗೆ ರೇಟು ತರುವ ಸೂತ್ರದಲ್ಲಿ. ಅದು ಹೀಗಿತ್ತು:

```
=VLOOKUP(A2,Rates!$A$2:$C$8,3)
```

A2ನಲ್ಲಿರುವ ಕೋಡನ್ನು ಪಟ್ಟಿಯ ಮೊದಲ ಅಂಕಣದಲ್ಲಿ ಹುಡುಕು, ಸಿಕ್ಕ ಸಾಲಿನ ಮೂರನೇ ಅಂಕಣದಿಂದ ರೇಟು ತಾ ಅಂತ ಇದರ ಅರ್ಥ. ಓದಿದರೆ ಎಲ್ಲ ಸರಿಯಾಗೇ ಕಾಣುತ್ತದೆ ಅಲ್ವಾ? ಇಲ್ಲಿ ಇಲ್ಲದಿರುವುದು ನಾಲ್ಕನೆಯ ಮಾತು. ಅದು `FALSE` ಆಗಿದ್ದರೆ ಎಕ್ಸೆಲ್ ಅದೇ ಕೋಡ್ ಸಿಗುವ ತನಕ ಹುಡುಕುತ್ತದೆ, ಸಿಗದಿದ್ದರೆ `#N/A` ಅನ್ನುತ್ತದೆ. ಏನೂ ಬರೆಯದೆ ಬಿಟ್ಟರೆ ಅದನ್ನು `TRUE` ಅಂತ ತಿಳಿದುಕೊಳ್ಳುತ್ತದೆ. ಆಗ ಅದು ಹುಡುಕುವ ರೀತಿಯೇ ಬೇರೆ.

ಎಸ್ಸೆಸ್ಸೆಲ್ಸಿ ಪರೀಕ್ಷೆಯ ದಿನ ಶಾಲೆಯ ಬೋರ್ಡಿನಲ್ಲಿ ರಿಜಿಸ್ಟರ್ ನಂಬರ್ ಹುಡುಕಿದ್ದು ನೆನಪಿಸಿಕೊಳ್ಳಿ. ಯಾರೂ ಮೇಲಿನಿಂದ ಒಂದೊಂದೇ ಓದುವುದಿಲ್ಲ. ನಡುವೆ ಎಲ್ಲೋ ಕಣ್ಣು ಹಾಕುತ್ತೇವೆ. ಅಲ್ಲಿರುವ ನಂಬರ್ ನಮ್ಮದಕ್ಕಿಂತ ದೊಡ್ಡದಾದರೆ ಮೇಲಕ್ಕೆ, ಚಿಕ್ಕದಾದರೆ ಕೆಳಕ್ಕೆ ಹೋಗುತ್ತೇವೆ. ಎಕ್ಸೆಲ್ ಮಾಡುವುದೂ ಇದನ್ನೇ. ಪ್ರತಿ ಸಲ ಅರ್ಧ ಪಟ್ಟಿ ಬಿಟ್ಟುಹೋಗುವುದರಿಂದ ಸಾವಿರ ಸಾಲಿನಲ್ಲೂ ಸುಮಾರು ಹತ್ತು ಸಲ ನೋಡಿದರೆ ಸಾಕು. ಆದರೆ ನಂಬರ್‌ಗಳು ಏರಿಕೆ ಕ್ರಮದಲ್ಲಿದ್ದರೆ ಮಾತ್ರ ಈ ಉಪಾಯ ನಡೆಯುತ್ತದೆ. ಕ್ರಮದಲ್ಲಿವೆಯೇ ಅಂತ ಎಕ್ಸೆಲ್ ಪರೀಕ್ಷಿಸುವುದಿಲ್ಲ, ಸುಮ್ನೆ ನಂಬುತ್ತದೆ.

ಅಂಗಡಿಯ ಪಟ್ಟಿಯಲ್ಲಿ ಕೋಡ್‌ಗಳು 110, 120, 130, 140, 150, 160 ಅಂತ ಇದ್ದವು. ಒಂದೂಕಾಲು ಇಂಚಿನ ವಾಲ್ವ್ ಹೊಸದಾಗಿ ಬಂದಾಗ ಅದಕ್ಕೆ 125 ಅಂತ ಕೋಡ್ ಕೊಟ್ಟು, ಎಲ್ಲರೂ ಮಾಡುವಂತೆ ಪಟ್ಟಿಯ ಕೊನೆಗೆ ಸೇರಿಸಿದ್ದರು. ಈಗ ಏಳು ಸಾಲು. ಕೆಳಗಿನ ಸಾಲಿನ ಸಂಖ್ಯೆ ಎಣಿಕೆಗೆ ನಾನು ಹಾಕಿದ್ದು, ಶೀಟಿನಲ್ಲಿ ಕೋಡೇ ಮೊದಲ ಅಂಕಣ.

| ಸಾಲು | ಕೋಡ್ | ಅಳತೆ | ರೇಟು |
|---|---|---|---|
| 1 | 110 | ಮುಕ್ಕಾಲು ಇಂಚು | 70 |
| 2 | 120 | ಒಂದು ಇಂಚು | 95 |
| 3 | 130 | ಒಂದೂವರೆ ಇಂಚು | 185 |
| 4 | 140 | ಎರಡು ಇಂಚು | 260 |
| 5 | 150 | ಎರಡೂವರೆ ಇಂಚು | 480 |
| 6 | 160 | ಮೂರು ಇಂಚು | 690 |
| 7 | 125 | ಒಂದೂಕಾಲು ಇಂಚು | 140 |

125 ಹುಡುಕು ಅಂದಾಗ ಎಕ್ಸೆಲ್ ಮೊದಲು ನಡುವಿನ ನಾಲ್ಕನೇ ಸಾಲು ನೋಡಿತು. ಅಲ್ಲಿ 140. ನಮಗೆ ಬೇಕಾದದ್ದು ಚಿಕ್ಕದು, ಹಾಗಾಗಿ ಕೆಳಗಿನ ಅರ್ಧವನ್ನು ಪೂರ್ತಿ ಕೈಬಿಟ್ಟಿತು. ನಿಜವಾದ 125 ಇದ್ದದ್ದು ಆ ಅರ್ಧದಲ್ಲೇ! ಉಳಿದ ಮೂರು ಸಾಲಿನ ನಡುವೆ 120. ಅದು 125ಕ್ಕಿಂತ ಚಿಕ್ಕದು, ಕೆಳಕ್ಕೆ ಬಂತು. ಮುಂದಿನದು 130, ದೊಡ್ಡದಾಯಿತು. ಇಲ್ಲಿಗೆ ಹುಡುಕಾಟ ಮುಗಿಯಿತು. 125 ಸಿಗಲಿಲ್ಲ, ಅದಕ್ಕಿಂತ ಚಿಕ್ಕದರಲ್ಲಿ ಹತ್ತಿರದ್ದು 120, ಅದರ ರೇಟು 95. ಅದನ್ನೇ ತಂದು ಇಟ್ಟಿತು.

ಇದು ಇಷ್ಟು ದಿನ ಯಾರ ಕಣ್ಣಿಗೂ ಬೀಳದ ಕಾರಣವೂ ಇದರಲ್ಲೇ ಇದೆ. 110ರಿಂದ 160ರವರೆಗಿನ ಹಳೆಯ ಆರೂ ಕೋಡ್‌ಗಳಿಗೆ ಇದೇ ಸೂತ್ರ ಸರಿಯಾದ ರೇಟನ್ನೇ ಕೊಡುತ್ತದೆ. ಬೇಕಾದರೆ ಕೈಯಲ್ಲಿ ಹುಡುಕಿ ನೋಡಿ. ಹೊಸ ಸಾಮಾನಿಗೆ ಮಾತ್ರ ತಪ್ಪುತ್ತದೆ. ಬರುವ ರೇಟು ಕೂಡ ಪಕ್ಕದ ಅಳತೆಯದ್ದು. 95 ಅನ್ನುವುದು ವಾಲ್ವಿನ ರೇಟಿನ ಹಾಗೇ ಕಾಣುತ್ತದೆ, ಅನುಮಾನ ಹುಟ್ಟುವುದಿಲ್ಲ.

ಹಾಗಾದರೆ ಪತ್ತೆ ಮಾಡುವುದು ಹೇಗೆ? ನನಗೆ ಅತ್ಯಂತ ಇಷ್ಟವಾದ ಪರೀಕ್ಷೆ ಒಂದಿದೆ. ರೇಟು ಕೇಳುವ ಬದಲು, "ಯಾವ ಕೋಡಿನ ಸಾಲಿಗೆ ಹೋಗಿ ನಿಂತೆ?" ಅಂತ ಸೂತ್ರವನ್ನೇ ಕೇಳುವುದು. ಮೂರನೇ ಅಂಕಣದ ಬದಲು ಒಂದನೇ ಅಂಕಣ ತಾ ಅಂದರೆ ಆಯಿತು. ಬಿಲ್ ಶೀಟಿನ ಪಕ್ಕದ ಖಾಲಿ ಅಂಕಣದಲ್ಲಿ ಹೀಗೆ ಬರೆದೆ:

```
=IF(VLOOKUP(A2,Rates!$A$2:$C$8,1)=A2,"ಸರಿ","ತಪ್ಪು")
```

ಮೂಲ ಸೂತ್ರದ ಹಾಗೆಯೇ ಇಲ್ಲೂ ನಾಲ್ಕನೆಯ ಮಾತು ಬರೆದಿಲ್ಲ. ಅದು ನಡೆದ ದಾರಿಯಲ್ಲೇ ಇದೂ ನಡೆಯಬೇಕು. ಕೇಳಿದ್ದು 125, ನಿಂತದ್ದು 120 ಆದರೆ "ತಪ್ಪು" ಅಂತ ಬರುತ್ತದೆ. ರೇಟಿನ ಅಂದಾಜು ಗೊತ್ತಿಲ್ಲದವರೂ ಇದನ್ನು ಓದಬಹುದು.

ಇನ್ನೊಂದು ಕೆಲಸವನ್ನೂ ಮಾಡಿದೆ. ರೇಟ್ ಪಟ್ಟಿಯ ಪಕ್ಕದಲ್ಲೇ ಇದೇ ಪರೀಕ್ಷೆ ಹಾಕಿ, ಪಟ್ಟಿಯ ಪ್ರತಿ ಕೋಡನ್ನೂ ಅದೇ ಪಟ್ಟಿಯಲ್ಲಿ ಹುಡುಕಿಸಿದೆ. ತನ್ನ ಪಟ್ಟಿಯಲ್ಲಿ ತಾನೇ ಸಿಗದ ಸಾಲು ಯಾವುದು ಅಂತ ಬಿಲ್ ಆಗುವ ಮೊದಲೇ ಗೊತ್ತಾಗುತ್ತದೆ. ಏಳನೇ ಸಾಲು ಒಂದೇ "ತಪ್ಪು" ಅಂತ ತೋರಿಸಿತು.

ಪಟ್ಟಿಯನ್ನು ಏರಿಕೆ ಕ್ರಮಕ್ಕೆ ತಂದುಬಿಟ್ಟರೆ ಸಾಲದೇ ಅಂತ ಅಂಗಡಿಯವರು ಕೇಳಿದರು. 125 ಸರಿಯಾಗುತ್ತದೆ, ನಿಜ. ಆದರೆ 150 ಅನ್ನುವ ಕಡೆ ಯಾರೋ 145 ಅಂತ ಒತ್ತಿದರೆ? ಅಂಥ ಕೋಡೇ ಇಲ್ಲ. ಆದರೂ ಎಕ್ಸೆಲ್ ತಕರಾರಿಲ್ಲದೆ 140ರ ರೇಟು ಕೊಡುತ್ತದೆ. ಕೋಡ್ ಇದ್ದರೆ ಇದೆ, ಇಲ್ಲದಿದ್ದರೆ ಇಲ್ಲ. ಅಂಥ ಪಟ್ಟಿಗೆ `FALSE` ಬೇಕೇ ಬೇಕು:

```
=VLOOKUP(A2,Rates!$A$2:$C$8,3,FALSE)
```

ಇದಾದ ಮೇಲೆ ಕೆಲವು ಕಡೆ `#N/A` ಬರಬಹುದು. ಅದನ್ನು ನೋಡಿ ಗಾಬರಿಯಾಗಿ `IFERROR` ಸುತ್ತಿ 0 ಅಂತ ತೋರಿಸುವವರಿದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ. ಈ ಕೋಡ್ ಪಟ್ಟಿಯಲ್ಲಿಲ್ಲ ಅಂತ ಶೀಟು ಬಾಯಿಬಿಟ್ಟು ಹೇಳುವುದು ಅಲ್ಲೊಂದೇ ಕಡೆ. ಕಣ್ಣಿಗೆ ಒಂದೇ ಥರ ಕಂಡರೂ ಒಂದು ಕಡೆ 125 ಸಂಖ್ಯೆಯಾಗಿ, ಇನ್ನೊಂದು ಕಡೆ ಅಕ್ಷರವಾಗಿ ಕೂತಿದ್ದರೂ ಇದೇ ಬರುತ್ತದೆ. ಆಗ ಸರಿಮಾಡಬೇಕಾದ್ದು ಆ ಕೋಡನ್ನು. `FALSE` ಹಾಕಿದರೂ ತಪ್ಪುವ ಒಂದು ಸಂದರ್ಭವಿದೆ. ಒಂದೇ ಕೋಡ್ ಎರಡು ಸಲ ಇದ್ದರೆ ಮೇಲಿನ ಸಾಲಿನದ್ದೇ ಬರುತ್ತದೆ. ಹೊಸ ರೇಟನ್ನು ಕೆಳಗೆ ಸೇರಿಸಿ ಹಳೆಯದನ್ನು ಅಳಿಸದಿದ್ದರೆ ಹಳೇ ರೇಟೇ ಬಿಲ್ಲಿಗೆ ಹೋಗುತ್ತದೆ.

ಹಾಗಂತ ಶೀಟಿನಲ್ಲಿ ಎಲ್ಲಾ ಕಡೆ `FALSE` ಹಾಕಲು ಹೊರಟಿರಿ ಅಂದರೆ ಸಾಗಣೆ ಚಾರ್ಜಿನ ಲೆಕ್ಕ ಕೆಡುತ್ತದೆ. ಅಲ್ಲಿ 0, 50, 100 ಕಿಲೋ ಅಂತ ಹಂತಗಳಿವೆ. 72 ಕಿಲೋ ಪಟ್ಟಿಯಲ್ಲಿಲ್ಲ, ಅದು 50ರ ಹಂತಕ್ಕೇ ಹೋಗಬೇಕು. ಹತ್ತಿರದ ಚಿಕ್ಕದನ್ನು ಹಿಡಿಯುವ ಪದ್ಧತಿ ಇರುವುದೇ ಇಂಥದ್ದಕ್ಕೆ. ಅಲ್ಲಿ ನೋಡಬೇಕಾದ್ದು ಎರಡು. ಹಂತಗಳು ಏರಿಕೆಯಲ್ಲಿರಬೇಕು. ಬರೆದಿರುವುದು ಪ್ರತಿ ಹಂತ ಶುರುವಾಗುವ ತೂಕವೇ ಹೊರತು ಮುಗಿಯುವ ತೂಕ ಆಗಿರಬಾರದು. 49, 50, 51 ಹಾಕಿ ನೋಡಿದರೆ ತಿಳಿಯುತ್ತದೆ.

ಪರೀಕ್ಷೆಯ ಅಂಕಣವನ್ನು ಹಿಂದಿನ ಬಿಲ್‌ಗಳ ಮೇಲೂ ಎಳೆದೆವು. 125 ಇದ್ದ ಬಿಲ್‌ಗಳ ಜೊತೆ ಇನ್ನೊಂದು ಬಿಲ್ಲಿನ ಮುಂದೆಯೂ "ತಪ್ಪು" ಅಂತ ಬಂತು. ಅದರಲ್ಲಿ ಯಾರೋ 160ರ ಬದಲು 165 ಒತ್ತಿದ್ದರು. ಎಕ್ಸೆಲ್ 140 ನೋಡಿ ಕೆಳಗೆ ಹೋಗಿತ್ತು, 160 ನೋಡಿ ಮತ್ತೂ ಕೆಳಗೆ ಹೋಗಿತ್ತು, ಕೊನೆಗೆ ಏಳನೇ ಸಾಲಿನ 125ಕ್ಕೆ ಬಂದು ನಿಂತಿತ್ತು. ಮೂರು ಇಂಚಿನ, 690 ರೂಪಾಯಿಯ ವಾಲ್ವ್ 140ಕ್ಕೆ ಹೋಗಿತ್ತು.