ಧ್ವನಿ ರೆಕಾರ್ಡ್ ಆದ ಮೇಲೆ ಬರುವ ತಿದ್ದುಪಡಿ

ಚಿಕ್ಕಮಗಳೂರಿನ ಒಂದು ಕಾಫಿಪುಡಿ ಅಂಗಡಿಗೆ 60 ಸೆಕೆಂಡಿನ ಅನಿಮೇಷನ್ ಜಾಹೀರಾತು ಮಾಡಿಕೊಡಬೇಕಿದೆ ಅಂದುಕೊಳ್ಳಿ. ಮೊದಲು ಸ್ಕ್ರಿಪ್ಟ್, ನಂತರ ಸ್ಟೋರಿಬೋರ್ಡ್, ಧ್ವನಿ, ಅನಿಮೇಷನ್, ಕೊನೆಗೆ ಸಂಗೀತ ಸೇರಿಸಿದ ಫೈನಲ್. ಸ್ಕ್ರಿಪ್ಟಿಗೆ ಎರಡು ಸುತ್ತು, ಸ್ಟೋರಿಬೋರ್ಡಿಗೆ ಎರಡು, ಧ್ವನಿಗೆ ಒಂದು, ಅನಿಮೇಷನ್‌ಗೆ ಎರಡು ಸುತ್ತು ತಿದ್ದುಪಡಿ ಎಂದು ಕೊಟೇಶನ್‌ನಲ್ಲೇ ಬರೆದಿರುತ್ತದೆ. ಫೈನಲ್‌ನಲ್ಲಿ ನಮ್ಮ ಕೈತಪ್ಪು ಮಾತ್ರ ಸರಿಪಡಿಸುತ್ತೇವೆ.

ಬರೆದರೂ ಜಗಳ ಯಾಕೆ ಆಗುತ್ತದೆ? ಸುತ್ತು ಅಂದರೆ ಏನು ಎಂದು ಯಾರೂ ಹೇಳಿರುವುದಿಲ್ಲ. ಬೆಳಿಗ್ಗೆ ಅಂಗಡಿ ಮಾಲೀಕರ ಮಗ ವಾಟ್ಸಾಪಿನಲ್ಲಿ ಎರಡು ಮಾತು ಹಾಕುತ್ತಾರೆ, ಮಧ್ಯಾಹ್ನ ವಾಯ್ಸ್ ಮೆಸೇಜ್ ಬರುತ್ತದೆ, ರಾತ್ರಿ ಚಿಕ್ಕಪ್ಪ ಫೋನ್ ಮಾಡುತ್ತಾರೆ. ಇದು ಒಂದು ಸುತ್ತೋ ಮೂರೋ? ಮನೆಯವರೆಲ್ಲರ ಅಭಿಪ್ರಾಯವನ್ನು ಒಬ್ಬರೇ ಒಟ್ಟುಗೂಡಿಸಿ, ಒಂದೇ ಸಂದೇಶದಲ್ಲಿ ಬರೆದು ಕಳಿಸಿದರೆ ಅದು ಒಂದು ಸುತ್ತು. ಆ ಒಬ್ಬರ ಹೆಸರು ಕೊಟೇಶನ್‌ನಲ್ಲೇ ಇರಲಿ. ಕಳಿಸಲು ಮೂರು ದಿನ ಸಾಕು. ನವೆಂಬರಿನಿಂದ ಜನವರಿವರೆಗೆ, ಅರೇಬಿಕಾ ಕೊಯ್ಲಿನ ಕಾಲದಲ್ಲಿ, ಒಂದು ವಾರ ಕೊಡಿ. ತೋಟದಲ್ಲಿರುವವರನ್ನು ಆಗ ಹಿಡಿಯುವುದೇ ಕಷ್ಟ.

ಈಗ ಒಂದೇ ಸಾಲನ್ನು ಹಿಂಬಾಲಿಸೋಣ. ಸ್ಕ್ರಿಪ್ಟಿನಲ್ಲಿ ‘ಎಪ್ಪತ್ತು ಪಾಲು ಕಾಫಿ, ಮೂವತ್ತು ಪಾಲು ಚಿಕೋರಿ’ ಎಂದಿದೆ. ಮಗ ಒಪ್ಪಿದ್ದಾರೆ. ಅಪ್ಪ ಅದನ್ನು ನೋಡುವುದು ಅನಿಮೇಷನ್ ಮುಗಿದ ಮೇಲೆ. ‘ಅಯ್ಯೋ, ಈಗ ನಾವು ಎಂಬತ್ತು-ಇಪ್ಪತ್ತು ಮಾಡ್ತಿದ್ದೀವಲ್ಲ!’

ಈ ತಿದ್ದುಪಡಿಯನ್ನು ತಳ್ಳಿಹಾಕುವ ಹಾಗಿಲ್ಲ. ಚಿಕೋರಿ ಬೆರೆಸಿದ ಪುಡಿಯ ಪೊಟ್ಟಣದ ಮೇಲೆ ಎರಡರ ಶೇಕಡಾವಾರು ಪ್ರಮಾಣ ಕಡ್ಡಾಯವಾಗಿ ಇರಬೇಕು. ಜಾಹೀರಾತು ಒಂದು ಹೇಳಿ ಪೊಟ್ಟಣ ಇನ್ನೊಂದು ಹೇಳಬಾರದು. ಸ್ಕ್ರಿಪ್ಟ್ ಹಂತದಲ್ಲಾಗಿದ್ದರೆ ಎರಡು ನಿಮಿಷದ ಕೆಲಸ. ಸ್ಟೋರಿಬೋರ್ಡಿನಲ್ಲಾದರೆ ಒಂದು ಚಿತ್ರ ಬದಲು. ಧ್ವನಿ ಆದ ಮೇಲೆ ಕಲಾವಿದರನ್ನು ಮತ್ತೆ ಕರೆಸಬೇಕು. ಬೇರೆ ದಿನ ಹೇಳಿಸಿದ ಎರಡು ಪದವನ್ನು ನಡುವೆ ತುರುಕಿದರೆ ದನಿಯ ಏರಿಳಿತ ಕೂಡುವುದಿಲ್ಲ, ಆದ್ದರಿಂದ ಇಡೀ ವಾಕ್ಯವನ್ನೇ ಮತ್ತೆ ಹೇಳಿಸುವುದು. ಆ ವಾಕ್ಯ ಅರ್ಧ ಸೆಕೆಂಡ್ ಉದ್ದವಾದರೂ ಪಾತ್ರದ ಬಾಯಿ, ಕೈ, ಪರದೆಯ ಮೇಲೆ ಮೂಡುವ ಅಂಕಿ ಎಲ್ಲವೂ ಸರಿಯುತ್ತವೆ. ಸೆಕೆಂಡಿಗೆ 25 ಫ್ರೇಮಿನಂತೆ 5 ಸೆಕೆಂಡಿನ ದೃಶ್ಯ ಅಂದರೆ 125 ಫ್ರೇಮ್. ಗ್ರಾಹಕರಿಗೆ ಕಾಣುವುದು ಎರಡು ಪದ ಮಾತ್ರ.

ಹಾಗಾಗಿ ಅತಿ ಬಿಗಿಯಾದ ಒಪ್ಪಿಗೆ ಬೇಕಿರುವುದು ಧ್ವನಿಗೆ ಮುಂಚೆ. ಕೊನೆಯ ಮಾತು ಯಾರದೋ ಅವರು, ಇಲ್ಲಿ ಅಪ್ಪ, ಸ್ಕ್ರಿಪ್ಟನ್ನು ಓದದಿದ್ದರೂ ಕೇಳಲೇಬೇಕು. ನೀವೇ ಫೋನಿನಲ್ಲಿ ಓದಿ ಒಂದು ನಿಮಿಷದ ರೆಕಾರ್ಡಿಂಗ್ ಕಳಿಸಿ. ಒಪ್ಪಿಗೆ ಹೀಗೆ ಬರಹದಲ್ಲಿ ಬರಲಿ: ‘ಸ್ಕ್ರಿಪ್ಟ್ v03 ಅಪ್ಪನೂ ಕೇಳಿದ್ದಾರೆ, ಒಪ್ಪಿಗೆ ಇದೆ. ಇದರ ಮೇಲೆ ಧ್ವನಿ ರೆಕಾರ್ಡ್ ಮಾಡಿ.’ ಹೆಬ್ಬೆರಳಿನ ಚಿಹ್ನೆ ಒಪ್ಪಿಗೆಯಲ್ಲ. ‘ನೋಡಿದೆ’ ಅನ್ನುವುದಕ್ಕೂ ಜನ ಅದನ್ನೇ ಒತ್ತುತ್ತಾರೆ. ಉತ್ತರ ಬಾರದಿದ್ದರೆ ಒಪ್ಪಿದಂತೆ ಎಂಬ ಷರತ್ತನ್ನು ಕೆಲವರು ಹಾಕುತ್ತಾರೆ. ಎಲ್ಲರೂ ಎಲ್ಲರಿಗೂ ಗೊತ್ತಿರುವ ಊರಿನಲ್ಲಿ ಅದು ಕಾಗದದ ಮೇಲಷ್ಟೇ ನಡೆಯುತ್ತದೆ. ಉತ್ತರ ತಡವಾದಷ್ಟು ದಿನ ಡೆಲಿವರಿಯೂ ಮುಂದೆ ಹೋಗುತ್ತದೆ ಎಂದು ಬರೆಯುವುದು ಮೇಲು.

ಅನಿಮೇಷನ್ ಸುತ್ತಿಗೆ ಕಳಿಸುವ ಪ್ರತಿಯ ಮೂಲೆಯಲ್ಲಿ ಆವೃತ್ತಿ ಸಂಖ್ಯೆಯೂ ಓಡುವ ಸಮಯವೂ ಕಾಣಲಿ. ಆಗ ‘ಆ ಕಾಫಿ ಕಪ್ಪಿನ ಸೀನ್’ ಅನ್ನುವ ಬದಲು ‘0:23ರಲ್ಲಿ ಕಪ್ಪು ಚಿಕ್ಕದಾಯಿತು’ ಅಂತ ಬರೆದು ಬರುತ್ತದೆ. ವಾಟ್ಸಾಪಿನಲ್ಲಾದರೆ ಡಾಕ್ಯುಮೆಂಟ್ ಆಗಿ ಕಳಿಸಿ. ವಿಡಿಯೋ ಆಗಿ ಕಳಿಸಿದರೆ ಗುಣಮಟ್ಟ ಇಳಿದು, ‘ಮಸುಕಾಗಿದೆ’ ಎಂಬ ದೂರಿಗೇ ಒಂದು ಸುತ್ತು ಹಾಳಾಗುತ್ತದೆ.

ಬಂದ ಪಟ್ಟಿಯಲ್ಲಿ ಪ್ರತಿ ಸಾಲಿನ ಮುಂದೆ ‘ನಮ್ಮ ತಪ್ಪು’, ‘ಈ ಸುತ್ತಿನ ತಿದ್ದುಪಡಿ’ ಅಥವಾ ‘ಒಪ್ಪಿದ್ದರ ಬದಲಾವಣೆ’ ಎಂದು ಬರೆದು ವಾಪಸ್ ಕಳಿಸಿ, ಆಮೇಲೆ ಕೆಲಸಕ್ಕೆ ಕೈ ಹಾಕಿ. ಮೊದಲನೆಯದಕ್ಕೆ ಲೆಕ್ಕವಿಲ್ಲ. ಮೂರನೆಯದಕ್ಕೆ ದರ ಮತ್ತು ದಿನ ಎರಡನ್ನೂ ಹೇಳಿ: ‘ಸಾರ್, ಖಂಡಿತ ಮಾಡಬಹುದು. ಧ್ವನಿ ಮತ್ತೆ ತೆಗೆಸಬೇಕು, ಆ ಸೀನ್ ಮತ್ತೆ ಮಾಡಬೇಕು. ಇಷ್ಟು ಖರ್ಚು, ಎರಡು ದಿನ. ಇಲ್ಲದಿದ್ದರೆ ಆ ಸಾಲನ್ನೇ ತೆಗೆದು ಅಲ್ಲಿ ಸಂಗೀತ ಮಾತ್ರ ಉಳಿಸಬಹುದು, ಅದಕ್ಕೆ ಅರ್ಧ ದಿನ ಸಾಕು.’ ಬಹಳಷ್ಟು ಜನ ಸಾಲು ತೆಗೆಯುವುದನ್ನೇ ಆರಿಸುತ್ತಾರೆ.

ಇದಕ್ಕಿಂತ ಒಳ್ಳೆಯ ದಾರಿ ಸ್ಕ್ರಿಪ್ಟ್ ಬರೆಯುವಾಗಲೇ ಇದೆ. ಬೆಲೆ, ಪ್ರಮಾಣ, ಫೋನ್ ನಂಬರ್, ಶಾಖೆಗಳ ಹೆಸರು ಇವನ್ನು ಧ್ವನಿಯಲ್ಲಿ ಹೇಳಿಸಬೇಡಿ. ಕೊನೆಯ 4 ಸೆಕೆಂಡಿನ ಸ್ಥಿರ ಕಾರ್ಡಿನಲ್ಲಿ ಅಕ್ಷರವಾಗಿ ಇಡಿ. ಮುಂದಿನ ವರ್ಷ ಬೆಲೆ ಏರಿದಾಗಲೂ ಆ ಕಾರ್ಡ್ ಒಂದನ್ನೇ ಬದಲಿಸಿ ಕೊಟ್ಟರಾಯಿತು.