ಹ್ಯಾಂಡ್ಸ್‌ಫ್ರೀ ಕರೆ: ಕೈಗೆ ಬಿಡುವು, ತಲೆಗೆ ಇಲ್ಲ

ಗಾಡಿ ಓಡಿಸುವಾಗ ಮೊಬೈಲ್ ಬೇಡ ಅಂದರೆ ಹೆಚ್ಚಿನವರು ಕೊಡುವ ಉತ್ತರ ಒಂದೇ: "ಕೈಯಲ್ಲಿ ಹಿಡಿದಿಲ್ಲವಲ್ಲ, ಬ್ಲೂಟೂತ್‌ನಲ್ಲಿ ಮಾತಾಡ್ತಿದ್ದೇನೆ." ತೊಂದರೆ ಇರುವುದು ಕೈಯಲ್ಲಿ ಅನ್ನುವ ಊಹೆ ಈ ಮಾತಿನ ಹಿಂದೆ ಇದೆ. ನಾನೂ ಹಾಗೇ ಅಂದುಕೊಂಡಿದ್ದೆ. ಈ ಊಹೆಯನ್ನು ಮೊದಲು ಗಟ್ಟಿಯಾಗಿ ಅಲುಗಾಡಿಸಿದ್ದು 1997ರಲ್ಲಿ ಬಂದ ಟೊರಾಂಟೊ ಅಧ್ಯಯನ. ಅದರ ಲೆಕ್ಕವನ್ನು ಒಮ್ಮೆ ನಾವೇ ಮಾಡಿ ನೋಡೋಣ.

ರೆಡೆಲ್ಮೇಯರ್ ಮತ್ತು ಟಿಬ್ಶಿರಾನಿ ಅನ್ನುವ ಇಬ್ಬರು ಸಂಶೋಧಕರು 699 ಚಾಲಕರನ್ನು ಆರಿಸಿಕೊಂಡರು. ಎಲ್ಲರ ಹತ್ತಿರವೂ ಮೊಬೈಲ್ ಇತ್ತು, ಎಲ್ಲರೂ ಗಾಡಿಗೆ ಪೆಟ್ಟಾಗುವಂಥ ಅಪಘಾತ ಮಾಡಿಕೊಂಡಿದ್ದರು. ಇವರನ್ನು ಯಾರ ಜೊತೆ ಹೋಲಿಸುವುದು? ಮೊಬೈಲ್ ಇಲ್ಲದವರ ಜೊತೆ ಹೋಲಿಸಿದರೆ ಎಡವಟ್ಟು. ಫೋನಿನಲ್ಲಿ ಜಾಸ್ತಿ ಮಾತಾಡುವವರು ಸ್ವಭಾವದಲ್ಲೇ ಆತುರದವರಿರಬಹುದು, ಆಗ ತಪ್ಪು ಫೋನಿನದೋ ಸ್ವಭಾವದ್ದೋ ಗೊತ್ತಾಗುವುದಿಲ್ಲ. ಅದಕ್ಕೆ ಅವರು ಪ್ರತಿಯೊಬ್ಬ ಚಾಲಕನನ್ನೂ ಅವನ ಜೊತೆಯೇ ಹೋಲಿಸಿದರು. ಫೋನ್ ಬಿಲ್ ತೆಗೆದು, ಅಪಘಾತಕ್ಕೆ ಮುಂಚಿನ 10 ನಿಮಿಷದಲ್ಲಿ ಕರೆ ಇತ್ತಾ ನೋಡಿದರು. ಆಮೇಲೆ ಹಿಂದಿನ ದಿನ ಅದೇ ಹೊತ್ತಿಗೆ ಕರೆ ಇತ್ತಾ ನೋಡಿದರು. ಅದೇ ಮನುಷ್ಯ, ಅದೇ ವಯಸ್ಸು, ಅದೇ ಸ್ವಭಾವ. ಬದಲಾಗಿದ್ದು ದಿನ ಮಾತ್ರ.

ಸಿಕ್ಕ ಅಂಕಿಗಳು ಇವು. ಅಪಘಾತಕ್ಕೆ ಮುಂಚೆ ಫೋನ್ ಬಳಸಿದವರು 170 ಜನ. ಹಿಂದಿನ ದಿನ ಅದೇ ಹೊತ್ತಿಗೆ ಬಳಸಿದವರು 37. ಎರಡೂ ದಿನ ಬಳಸಿದವರು 13. ಈ 13 ಜನ ನಮಗೆ ಏನೂ ಹೇಳುವುದಿಲ್ಲ, ಅವರಿಗೆ ಎರಡು ದಿನವೂ ಒಂದೇ. ಅವರನ್ನು ಎರಡೂ ಕಡೆಯಿಂದ ಕಳೆದರೆ ಅಪಘಾತದ ದಿನ ಮಾತ್ರ ಕರೆ ಇದ್ದವರು 157, ಹಿಂದಿನ ದಿನ ಮಾತ್ರ ಇದ್ದವರು 24 ಉಳಿಯುತ್ತಾರೆ. 157ನ್ನು 24ರಿಂದ ಭಾಗಿಸಿದರೆ ಸುಮಾರು 6.5.

ಇಲ್ಲಿಗೆ ನಿಲ್ಲಿಸಿದರೆ ತಪ್ಪು. ಹಿಂದಿನ ದಿನ ಆ ಹೊತ್ತಿಗೆ ಅವರೆಲ್ಲ ಗಾಡಿ ಓಡಿಸುತ್ತಿದ್ದರು ಅಂತ ಏನು ಗ್ಯಾರಂಟಿ? ಮನೆಯಲ್ಲಿ ಕೂತಿದ್ದರೆ ಮೊಬೈಲ್ ಮುಟ್ಟದೇ ಇರಬಹುದು. ಆ ಕಾಲದಲ್ಲಂತೂ ಮನೆಯಲ್ಲಿ ಲ್ಯಾಂಡ್‌ಲೈನ್ ಇರುತ್ತಿತ್ತು ಅಲ್ವಾ? ಆಗ ಫೋನಿನ ಅಪಾಯ ಇರುವುದಕ್ಕಿಂತ ದೊಡ್ಡದಾಗಿ ಕಾಣುತ್ತದೆ. ಸಂಶೋಧಕರು ಇದನ್ನು ಗಮನಿಸಿ, ಸುಮಾರು ಮೂರರಲ್ಲಿ ಎರಡು ಪಾಲು ಜನ ಮಾತ್ರ ಹಿಂದಿನ ದಿನ ಗಾಡಿ ಓಡಿಸಿದ್ದರು ಅಂತ ಲೆಕ್ಕ ಹಿಡಿದು 6.5ನ್ನು ಇಳಿಸಿದರು. ಕೊನೆಗೆ ಉಳಿದದ್ದು 4.3. ಎಲ್ಲ ಪುಸ್ತಕಗಳಲ್ಲೂ ಓದುವ "ನಾಲ್ಕು ಪಟ್ಟು ಅಪಾಯ" ಬಂದಿದ್ದು ಇಲ್ಲಿಂದ.

ನಮ್ಮ ವಿಷಯಕ್ಕೆ ಬೇಕಾದದ್ದು ಮುಂದಿನ ಸಾಲು. ಕೈಯಲ್ಲಿ ಹಿಡಿದು ಮಾತಾಡಿದವರ ಅಪಾಯ 3.9 ಪಟ್ಟು, ಹ್ಯಾಂಡ್ಸ್‌ಫ್ರೀ ಬಳಸಿದವರದು 5.9 ಪಟ್ಟು. ಇದನ್ನು ನೋಡಿ "ಹ್ಯಾಂಡ್ಸ್‌ಫ್ರೀ ಇನ್ನೂ ಕೆಟ್ಟದು" ಅಂತ ಬರೆದುಬಿಡಬೇಡಿ. ಹ್ಯಾಂಡ್ಸ್‌ಫ್ರೀ ಬಳಸುತ್ತಿದ್ದವರು ಕಡಿಮೆ ಇದ್ದರು, ಹಾಗಾಗಿ ಆ ಅಂಕಿಯ ಆಚೀಚೆ ಓಲಾಟ ಜಾಸ್ತಿ. ಎರಡರ ನಡುವಿನ ಅಂತರಕ್ಕೆ ಅರ್ಥ ಕೊಡುವ ಹಾಗಿಲ್ಲ. ಹೇಳಬಹುದಾದದ್ದು ಇಷ್ಟೇ: ಕೈ ಬಿಡುವಾಗಿದ್ದರಿಂದ ಲಾಭ ಆಯಿತು ಅನ್ನುವುದಕ್ಕೆ ಸಾಕ್ಷಿ ಸಿಗಲಿಲ್ಲ. 2005ರಲ್ಲಿ ಆಸ್ಟ್ರೇಲಿಯಾದ ಪರ್ತ್‌ನಲ್ಲಿ, ಗಾಯಗೊಂಡು ಆಸ್ಪತ್ರೆಗೆ ಬಂದ ಚಾಲಕರ ಮೇಲೆ ಇದೇ ವಿಧಾನದ ಅಧ್ಯಯನ ನಡೆಯಿತು. ಅಲ್ಲೂ ಉತ್ತರ ನಾಲ್ಕು ಪಟ್ಟಿನ ಸುತ್ತಲೇ ಬಂತು, ಹ್ಯಾಂಡ್ಸ್‌ಫ್ರೀಗೆ ವಿನಾಯಿತಿ ಸಿಗಲಿಲ್ಲ.

ಯಾಕೆ ಹೀಗೆ? ಯೂಟಾ ವಿಶ್ವವಿದ್ಯಾಲಯದ ಡೇವಿಡ್ ಸ್ಟ್ರೇಯರ್ ತಂಡ ಜನರನ್ನು ಸಿಮ್ಯುಲೇಟರ್‌ನಲ್ಲಿ ಕೂರಿಸಿ, ಹ್ಯಾಂಡ್ಸ್‌ಫ್ರೀಯಲ್ಲಿ ಮಾತಾಡಿಸುತ್ತಾ ಕಣ್ಣು ಎಲ್ಲೆಲ್ಲಿ ನಿಲ್ಲುತ್ತದೆ ಅಂತ ಅಳೆಯಿತು. ಆಮೇಲೆ ದಾರಿಯ ಜಾಹೀರಾತು ಫಲಕಗಳನ್ನು ತೋರಿಸಿ, ಇದನ್ನು ನೋಡಿದ್ದಿರಾ ಅಂತ ಕೇಳಿತು. ಕಣ್ಣು ನೇರವಾಗಿ ಫಲಕದ ಮೇಲೇ ನಿಂತಿದ್ದರೂ, ಮಾತಾಡುತ್ತಿದ್ದವರಿಗೆ ಅದನ್ನು ಗುರುತಿಸುವುದು ಕಷ್ಟವಾಯಿತು. ಕಣ್ಣು ನೋಡಿತ್ತು, ತಲೆ ನೋಡಿರಲಿಲ್ಲ. ಇದಕ್ಕೆ ಅನವಧಾನದ ಕುರುಡು ಅನ್ನಬಹುದು. ಇಲ್ಲಿ ಮೋಸ ಹೋಗುವುದು ಸುಲಭ, ಯಾಕೆಂದರೆ ನೋಡದೇ ಬಿಟ್ಟದ್ದು ಚಾಲಕನಿಗೆ ತಿಳಿಯುವುದೇ ಇಲ್ಲ. "ನಾನು ಮಾತಾಡ್ತಾ ಚೆನ್ನಾಗೇ ಓಡಿಸ್ತೀನಿ" ಅನ್ನುವವನು ಸುಳ್ಳು ಹೇಳುತ್ತಿಲ್ಲ, ಅವನಿಗೆ ನಿಜಕ್ಕೂ ಹಾಗೇ ಅನ್ನಿಸುತ್ತದೆ. ಒಮ್ಮೆ ಇಯರ್‌ಫೋನ್ ಹಾಕಿಕೊಂಡು ಮಾತಾಡುತ್ತಾ ನಾನು ತಿರುಗಬೇಕಾದ ತಿರುವನ್ನೇ ದಾಟಿ ಹೋಗಿದ್ದೆ. ದಿನಾ ಹೋಗುವ ದಾರಿ ಅದು!

"ಹಾಗಾದರೆ ಪಕ್ಕದಲ್ಲಿ ಕೂತವರ ಜೊತೆ ಮಾತಾಡುವುದೂ ತಪ್ಪಾ?" ಈ ಪ್ರಶ್ನೆ ಯಾವಾಗಲೂ ಬರುತ್ತದೆ. ಇದೇ ತಂಡ 2008ರಲ್ಲಿ ಇದನ್ನೂ ಪರೀಕ್ಷಿಸಿತು. ಹೆದ್ದಾರಿಯಲ್ಲಿ ಸ್ವಲ್ಪ ದೂರ ಹೋಗಿ ವಿಶ್ರಾಂತಿ ತಾಣಕ್ಕೆ ತಿರುಗಬೇಕು, ಅಷ್ಟೇ ಕೆಲಸ. ಪಕ್ಕದಲ್ಲಿ ಸ್ನೇಹಿತ ಕೂತಿದ್ದವರಲ್ಲಿ ಹೆಚ್ಚಿನವರು ಸರಿಯಾಗಿ ತಿರುಗಿದರು. ಫೋನಿನಲ್ಲಿ ಮಾತಾಡುತ್ತಿದ್ದವರಲ್ಲಿ ಸುಮಾರು ಅರ್ಧ ಜನ ತಪ್ಪಿಸಿಕೊಂಡರು. ಪಕ್ಕದಲ್ಲಿರುವವರಿಗೂ ಅದೇ ರಸ್ತೆ ಕಾಣುತ್ತದೆ. ಟ್ರಾಫಿಕ್ ಜಾಸ್ತಿಯಾದರೆ ಮಾತು ನಿಲ್ಲಿಸುತ್ತಾರೆ, "ನೋಡು, ಇಲ್ಲೇ ತಿರುಗು" ಅನ್ನುತ್ತಾರೆ. ಫೋನಿನ ಆ ಕಡೆಯವರಿಗೆ ನಿಮ್ಮ ಮುಂದೆ ಲಾರಿ ಬ್ರೇಕ್ ಹಾಕಿದ್ದು ಗೊತ್ತೇ ಆಗುವುದಿಲ್ಲ, ಉತ್ತರಕ್ಕೆ ಕಾಯುತ್ತಿರುತ್ತಾರೆ. ಸುಮ್ನೆ ರೇಡಿಯೊ ಕೇಳುವುದರಿಂದ ಇಂಥ ಕುಸಿತ ಕಂಡುಬರಲಿಲ್ಲ, ಅದಕ್ಕೆ ಉತ್ತರ ಕೊಡಬೇಕಾಗಿಲ್ಲವಲ್ಲ.

ಇಷ್ಟೆಲ್ಲ ಗೊತ್ತಿದ್ದೂ ಬಹಳಷ್ಟು ದೇಶಗಳ ಕಾನೂನು ಕೈಯಲ್ಲಿ ಹಿಡಿಯುವುದನ್ನು ಮಾತ್ರ ನಿಷೇಧಿಸುತ್ತದೆ. ರಸ್ತೆ ಸಂಚಾರದ ವಿಯೆನ್ನಾ ಒಪ್ಪಂದದ 8ನೇ ವಿಧಿಯೂ, ಗಾಡಿ ಚಲಿಸುವಾಗ ಕೈಯಲ್ಲಿ ಹಿಡಿದ ಫೋನನ್ನು ನಿಷೇಧಿಸಲೇಬೇಕು ಅನ್ನುತ್ತದೆ. ಇದರಿಂದ ಹ್ಯಾಂಡ್ಸ್‌ಫ್ರೀ ಸುರಕ್ಷಿತ ಅಂತ ಕಾನೂನೇ ಒಪ್ಪಿದೆ ಅಂದುಕೊಳ್ಳುವುದು ದೊಡ್ಡ ತಪ್ಪು. ಕೈಯಲ್ಲಿರುವ ಫೋನ್ ಪೊಲೀಸರಿಗೆ ಕಾಣುತ್ತದೆ, ತಲೆಯೊಳಗಿನ ಮಾತುಕತೆ ಕಾಣುವುದಿಲ್ಲ. ಜೊತೆಗೆ ಕೈಗೆ ಬಂದ ಫೋನನ್ನು ಕಣ್ಣು ನೋಡದೇ ಬಿಡುವುದಿಲ್ಲ. ಗಂಟೆಗೆ 80 ಕಿಲೋಮೀಟರ್ ವೇಗದಲ್ಲಿ ಗಾಡಿ ಸೆಕೆಂಡಿಗೆ 22 ಮೀಟರ್ ಓಡುತ್ತದೆ. 5 ಸೆಕೆಂಡ್ ಮೆಸೇಜ್ ಓದಿದರೆ 110 ಮೀಟರ್ ಕಣ್ಣು ಮುಚ್ಚಿ ಹೋದ ಹಾಗೆ.

ಒಂದು ವಿವಾದ ಇನ್ನೂ ಬಗೆಹರಿದಿಲ್ಲ. ಗಾಡಿಯೊಳಗೆ ಕ್ಯಾಮೆರಾ ಇಟ್ಟು ತಿಂಗಳುಗಟ್ಟಲೆ ಗಮನಿಸಿದ ಅಧ್ಯಯನಗಳಲ್ಲಿ ಮೆಸೇಜ್, ಡಯಲ್ ಮಾಡುವುದು ಭಾರೀ ಅಪಾಯ ಅಂತ ಕಂಡಿತು. ಹ್ಯಾಂಡ್ಸ್‌ಫ್ರೀ ಮಾತಿನಿಂದ ಮಾತ್ರ ಅಪಾಯ ಅಷ್ಟಾಗಿ ಹೆಚ್ಚಿದ್ದು ಕಾಣಲಿಲ್ಲ. ನಿಜವಾದ ರಸ್ತೆಯಲ್ಲಿ ಜನ ಸುಲಭದ ದಾರಿ ನೋಡಿ ಕರೆ ಮಾಡುತ್ತಾರೆ, ವೇಗ ಇಳಿಸುತ್ತಾರೆ. ರಾತ್ರಿ ಒಬ್ಬನೇ ಓಡಿಸುವ ಲಾರಿ ಚಾಲಕನಿಗೆ ಮಾತು ನಿದ್ದೆ ತಡೆಯಲೂಬಹುದು. ಆದರೆ ಕ್ಯಾಮೆರಾ ಹಿಡಿಯುವುದು ಕಣ್ಣು ಎತ್ತ ತಿರುಗಿದೆ ಅನ್ನುವುದನ್ನು. ಯೂಟಾದವರ ಫಲಕ ಪರೀಕ್ಷೆಯಲ್ಲಿ ಕಣ್ಣು ಸರಿಯಾದ ಜಾಗದಲ್ಲೇ ಇತ್ತು. ಹಾಗಾಗಿ ನನ್ನ ಒಲವು ಇನ್ನೂ ಟೊರಾಂಟೊ ಕಡೆಗೇ.

ಕೆಂಪು ಸಿಗ್ನಲ್‌ನಲ್ಲಿ ನಿಂತಾಗ ವಾಯ್ಸ್ ಕಮಾಂಡ್ ಕೊಟ್ಟರೆ? ವಾಯ್ಸ್ ಕಮಾಂಡ್ ಕೊಟ್ಟ ಮೇಲೆ ಗಮನ ಏನಾಗುತ್ತದೆ ಅಂತ ಸ್ಟ್ರೇಯರ್ ತಂಡ 2015ರಲ್ಲಿ ಅಳೆಯಿತು. ಗಮನ ಸರಿಯಾಗಿ ರಸ್ತೆಗೆ ಮರಳಲು, ತೀರಾ ತ್ರಾಸು ಕೊಡುವ ವ್ಯವಸ್ಥೆಗಳಲ್ಲಿ, ಕೆಲಸ ಮುಗಿದ ಮೇಲೂ 27 ಸೆಕೆಂಡ್‌ವರೆಗೆ ಬೇಕಾಯಿತು. ಗಂಟೆಗೆ 40 ಕಿಲೋಮೀಟರ್ ವೇಗದಲ್ಲಿ ಅಷ್ಟರಲ್ಲಿ ಗಾಡಿ 300 ಮೀಟರ್ ಮುಂದೆ ಹೋಗಿರುತ್ತದೆ. ಸಿಗ್ನಲ್ ಹಸಿರಾಗಿ, ಮುಂದಿನ ಜೀಬ್ರಾ ಕ್ರಾಸಿಂಗ್ ದಾಟಿ ಬಹಳ ಹೊತ್ತಾಗಿರುತ್ತದೆ.