ನಾಲ್ಕು ಜನರ ಮುಂದೆ ನಿಮ್ಮನ್ನು ಹೊಗಳುವ ಸಂಗಾತಿ

ಮನೆಯೊಳಗೆ "ನೀನು ತುಂಬಾ ಜಾಣೆ" ಅನ್ನುವುದಕ್ಕೆ ಏನೂ ಖರ್ಚಾಗುವುದಿಲ್ಲ. ಅದೇ ಮಾತನ್ನು ಆಫೀಸಿನ ಕ್ಯಾಂಟೀನಿನಲ್ಲಿ ಆಡಿದರೆ ಲೆಕ್ಕ ಬೇರೆ. ನಾಳೆ ಸಂಬಂಧ ಮುರಿದರೆ, "ಅಷ್ಟೊಂದು ಹೇಳ್ತಿದ್ದೆಯಲ್ಲ, ಏನಾಯ್ತು?" ಅಂತ ಯಾರಾದರೂ ಕೇಳಿಯೇ ಕೇಳುತ್ತಾರೆ. ಹೊಗಳಿದವನು ಬಾಯಿಬಿಟ್ಟು ಉತ್ತರ ಕೊಡಬೇಕು. ಅಷ್ಟು ಮುಜುಗರಕ್ಕೆ ಮೊದಲೇ ಒಪ್ಪಿಕೊಂಡು ಮಾತಾಡುತ್ತಾನೆ ಅನ್ನುವುದರಲ್ಲೇ ಅವನ ಗಂಭೀರತೆಯ ಒಂದು ಸುಳಿವಿದೆ.

ಹೇಳಿದ ಮಾತು ಹೇಳಿದವರನ್ನೇ ಕಟ್ಟಿಹಾಕುತ್ತದೆ ಅನ್ನುವುದನ್ನು ಮಾರ್ಟನ್ ಡಾಯ್ಚ್ ಮತ್ತು ಹೆರಾಲ್ಡ್ ಜೆರಾರ್ಡ್ ಎಂಬ ಅಮೆರಿಕದ ಮನೋವಿಜ್ಞಾನಿಗಳು 1955ರಲ್ಲಿ ಪರೀಕ್ಷಿಸಿದರು. ವಿದ್ಯಾರ್ಥಿಗಳಿಗೆ ಗೆರೆಗಳನ್ನು ತೋರಿಸಿ, ಯಾವುದು ಯಾವುದಕ್ಕೆ ಸಮ ಅಂತ ಕೇಳಿದರು. ಕೆಲವರು ಉತ್ತರವನ್ನು ಮನಸ್ಸಿನಲ್ಲೇ ಇಟ್ಟುಕೊಂಡರು. ಕೆಲವರು ಮಕ್ಕಳ ಮ್ಯಾಜಿಕ್ ಸ್ಲೇಟಿನ ಮೇಲೆ ಬರೆದರು. ಮೇಲಿನ ಹಾಳೆ ಎತ್ತಿದರೆ ಬರೆದದ್ದು ಮಾಯ. ಇನ್ನು ಕೆಲವರು ಕಾಗದದ ಮೇಲೆ ಬರೆದು ಸಹಿ ಹಾಕಿದರು. ಆಮೇಲೆ ಬೇರೆಯವರ ತಪ್ಪು ಉತ್ತರಗಳು ಎಲ್ಲರಿಗೂ ಗೊತ್ತಾದವು. ಮನಸ್ಸಿನಲ್ಲಿಟ್ಟುಕೊಂಡವರು ಎಲ್ಲರಿಗಿಂತ ಜಾಸ್ತಿ ಅಲುಗಾಡಿದರು. ಸ್ಲೇಟಿನವರು ಸ್ವಲ್ಪ ಕಡಿಮೆ. ಸಹಿ ಹಾಕಿದವರು ಬಹುಮಟ್ಟಿಗೆ ತಮ್ಮ ಮಾತಿಗೇ ಅಂಟಿಕೊಂಡರು.

ಗೆರೆ ಅಳೆಯುವುದು ಬೇರೆ, ಪ್ರೀತಿ ಬೇರೆ, ಒಪ್ಪುತ್ತೇನೆ. ಆದರೆ ಸಂಬಂಧಗಳ ಕಡೆಯಿಂದಲೂ ಇದಕ್ಕೆ ಹೊಂದುವ ಒಂದು ಅಧ್ಯಯನವಿದೆ. ಸಂಬಂಧವನ್ನು ಗುಟ್ಟಾಗಿ ಇಟ್ಟುಕೊಂಡವರಲ್ಲಿ ಸಂಗಾತಿಯ ಬಗೆಗಿನ ಬದ್ಧತೆ ಕಡಿಮೆ ಇರುತ್ತದೆ ಅಂತ ಜಸ್ಟಿನ್ ಲೆಹ್‌ಮಿಲ್ಲರ್ 2009ರಲ್ಲಿ ವರದಿ ಮಾಡಿದರು. ಗುಟ್ಟಿನಿಂದ ಬದ್ಧತೆ ಕಡಿಮೆಯಾಯಿತೋ, ಬದ್ಧತೆ ಇಲ್ಲದ್ದಕ್ಕೇ ಗುಟ್ಟೋ, ಇಂಥ ಅಧ್ಯಯನದಿಂದ ಹೇಳಲಾಗದು. ನಮ್ಮ ಕಡೆ ಜಾತಿಗೆ, ಧರ್ಮಕ್ಕೆ, ಮನೆಯವರಿಗೆ ಹೆದರಿ ಮುಚ್ಚಿಡುವವರೂ ಇದ್ದಾರೆ. ಹಾಗಾಗಿ ಯಾರಿಂದ ಮುಚ್ಚಿಡುತ್ತಾರೆ ಅನ್ನುವುದನ್ನು ನೋಡಬೇಕು. ಅಮ್ಮನಿಗೆ ಹೇಳಲು ಹೆದರುವ ಹುಡುಗ ಹತ್ತು ವರ್ಷದ ಗೆಳೆಯನಿಗೂ ಹೇಳಿಲ್ಲ ಅಂದರೆ, ಅಲ್ಲಿ ಕಾರಣ ಅಮ್ಮ ಅಲ್ಲ.

ಇಲ್ಲಿ ಒಂದು ಗೊಂದಲವೂ ಇದೆ. ಹೆಮ್ಮೆ ಅನ್ನುವುದು ಎಷ್ಟೋ ಸಲ ಇನ್ನೊಬ್ಬರ ಬೆಳಕಿನಲ್ಲಿ ತಾನು ಮಿಂಚುವ ಆಸೆ. ರಾಬರ್ಟ್ ಚಿಯಾಲ್ಡಿನಿ ಮತ್ತು ಅವರ ಜೊತೆಗಾರರು 1976ರಲ್ಲಿ ಪ್ರಕಟಿಸಿದ ಅಧ್ಯಯನ ಇದನ್ನು ಚೆನ್ನಾಗಿ ತೋರಿಸಿತು. ವಿಶ್ವವಿದ್ಯಾಲಯದ ಫುಟ್‌ಬಾಲ್ ತಂಡ ಗೆದ್ದ ಮರು ಸೋಮವಾರ ತಮ್ಮ ವಿಶ್ವವಿದ್ಯಾಲಯದ ಹೆಸರಿರುವ ಬಟ್ಟೆ ತೊಟ್ಟು ಬರುವ ವಿದ್ಯಾರ್ಥಿಗಳ ಸಂಖ್ಯೆ ಏರುತ್ತಿತ್ತು. ಫೋನಿನಲ್ಲಿ ಕೇಳಿದರೆ, ಗೆದ್ದ ಪಂದ್ಯದ ಬಗ್ಗೆ ಹೇಳುವಾಗ "ನಾವು" ಜಾಸ್ತಿ ಬರುತ್ತಿತ್ತು, ಸೋತ ಪಂದ್ಯದ ಬಗ್ಗೆ ಕಡಿಮೆ. (2025ರಲ್ಲಿ ಕಪ್ ಬರುವ ತನಕ 17 ಸೀಸನ್ ಕಾದ ಆರ್‌ಸಿಬಿ ಅಭಿಮಾನಿಗಳನ್ನು ಅವರು ನೋಡಿರಲಿಲ್ಲ, ಬಿಡಿ.)

ಸಂಗಾತಿಯ ಹೆಮ್ಮೆಯನ್ನೂ ಇದೇ ಕಣ್ಣಿನಿಂದ ನೋಡಬಹುದು. ಬ್ಯಾಂಕಿನಲ್ಲಿರುವ ಹೆಂಡತಿ ಪ್ರಮೋಷನ್ ಪರೀಕ್ಷೆ ಪಾಸಾದಳು ಅಂದುಕೊಳ್ಳಿ. "ನನ್ನ ಹೆಂಡ್ತಿ ಈಗ ಮ್ಯಾನೇಜರ್" ಅನ್ನುವ ಗಂಡನ ಮಾತಿನಲ್ಲಿ ಹುದ್ದೆ ಇದೆ, ಅವಳಿಲ್ಲ. "ಮಗು ಮಲಗಿದ ಮೇಲೆ ದಿನಾ ಓದ್ತಿದ್ಲು, ಲೆಕ್ಕದ ಭಾಗ ಅಂದ್ರೆ ಅವಳಿಗೆ ಆಗ್ತಿರ್ಲಿಲ್ಲ" ಅನ್ನುವವನು ಅವಳನ್ನು ಪಕ್ಕದಲ್ಲಿದ್ದು ಗಮನಿಸಿದ್ದಾನೆ. ಫೇಲಾದ ವರ್ಷ ಏನು ಹೇಳಿದ ಅನ್ನುವುದು ಇನ್ನೂ ಮುಖ್ಯ. "ಎಷ್ಟು ಕಷ್ಟಪಟ್ಲು ಗೊತ್ತಾ" ಅಂತ ಅದೇ ಕ್ಯಾಂಟೀನಿನಲ್ಲಿ ಹೇಳಿದ್ದರೆ, ಆ ಮಾತಿನಿಂದ ಅವನಿಗೆ ಯಾವ ಮಿಂಚೂ ಸಿಕ್ಕಿರುವುದಿಲ್ಲ. ನನ್ನ ಮಟ್ಟಿಗೆ ತೂಕ ಜಾಸ್ತಿ ಇರುವುದು ಆ ಮಾತಿಗೇ.

ಹಾಗಂತ ಎಷ್ಟು ಸಲ ಹೊಗಳಿದರು ಅಂತ ಎಣಿಸುತ್ತಾ ಕೂತರೆ ಲೆಕ್ಕ ತಪ್ಪುತ್ತದೆ. ಲಿಡಿಯಾ ಎಮರಿ ಮತ್ತು ತಂಡ 2014ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಸಂಗಾತಿಗೆ ತನ್ನ ಮೇಲೆ ಎಷ್ಟು ಪ್ರೀತಿ ಇದೆಯೋ ಅನ್ನುವ ಅನುಮಾನ ಹೆಚ್ಚಿದ ದಿನಗಳಲ್ಲೇ ಜನ ಫೇಸ್‌ಬುಕ್‌ನಲ್ಲಿ ತಮ್ಮ ಸಂಬಂಧವನ್ನು ಜಾಸ್ತಿ ತೋರಿಸಿಕೊಳ್ಳುತ್ತಿದ್ದರು. ಸಾಲು ಸಾಲು ಫೋಟೋಗಳ ಹಿಂದೆ ಕೆಲವೊಮ್ಮೆ ಇರುವುದು ಅಳುಕು.

ಇನ್ನು ಹೊಗಳುವ ಅಭ್ಯಾಸವೇ ಇಲ್ಲದ ಮನೆಗಳು. ಹಿರಿಯರ ಮುಂದೆ ಹೆಂಡತಿಯನ್ನು ಹೊಗಳಿದರೆ ನಾಚಿಕೆಗೇಡು, ಗಂಡನನ್ನು ಹೊಗಳಿದರೆ ದೃಷ್ಟಿ ತಾಗುತ್ತದೆ ಅಂತ ಬೆಳೆದವರು ನಮ್ಮಲ್ಲಿ ಬಹಳ ಜನ. ಅವರ ಹೆಮ್ಮೆ ಅಡ್ಡದಾರಿಯಲ್ಲಿ ಬರುತ್ತದೆ. ಹೋಟೆಲಿನ ಸಾರು ಉಂಡು "ಇದೂ ಒಂದು ಸಾರಾ? ನಮ್ಮನೆಯವಳ ಕೈಯದ್ದು ತಿಂದು ನೋಡಿ" ಅನ್ನುತ್ತಾರೆ. ಇಂಥವರನ್ನು ಬೇರೆಯವರ ಜೊತೆ ಹೋಲಿಸಿ ಪ್ರಯೋಜನವಿಲ್ಲ, ಅವರ ಸ್ವಭಾವದ ಜೊತೆಗೇ ಹೋಲಿಸಬೇಕು. ಯಾವುದರ ಬಗ್ಗೆಯೂ ಕೊಚ್ಚಿಕೊಳ್ಳದವನು ನಿಮ್ಮ ಬಗ್ಗೆಯೂ ಸುಮ್ಮನಿದ್ದರೆ ಅದರಲ್ಲಿ ವಿಶೇಷ ಏನೂ ಇಲ್ಲ. ಹೊಸ ಕಾರು, ಸಂಬಳ, ತಮ್ಮನ ಮಗನ ರ‍್ಯಾಂಕು ಎಲ್ಲವನ್ನೂ ಊರಿಗೆಲ್ಲ ಹೇಳಿಕೊಂಡು, ನಿಮ್ಮ ವಿಷಯ ಬಂದಾಗ ಮಾತ್ರ ಬಾಯಿ ಕಟ್ಟುವವನ ಜೊತೆ ಕೂತು ಕಾರಣ ಕೇಳಬಹುದು.